ದುಗ್ಗಪ್ಪನ ಎಂಟು ಪುಟ

ಬಹಳ ಹಿಂದೆ, ಹಾಯಿಹಡಗುಗಳು ಬಂದು ನಿಲ್ಲುತ್ತಿದ್ದ ಒಂದು ಊರಿನಲ್ಲಿ, ದುಗ್ಗಪ್ಪ ಅಂತ ಒಬ್ಬನಿದ್ದನಂತೆ. ಬಂದರು ಕಚೇರಿಯಲ್ಲಿ ಚೀಟಿ ಬರೆಯುವ ಗುಮಾಸ್ತ. ಕಡಲಾಚೆಯ ಒಂದು ಭಾಷೆಯನ್ನು ಅವನು ಹಡಗಿನ ಅಡುಗೆಯವನೊಬ್ಬನಿಂದ ಕಲಿತನಂತೆ. ಮೂರು ವರ್ಷ ಹಿಡಿಯಿತು ಅಂತ ಕೆಲವರು, ಮೂರೇ ತಿಂಗಳು ಅಂತ ಕೆಲವರು. ನಾನು ಮೂರು ವರ್ಷವನ್ನು ನಂಬುತ್ತೇನೆ. ಬಡವನ ಕಲಿಕೆಯನ್ನು ಪವಾಡ ಮಾಡಿಬಿಟ್ಟರೆ ಅವನು ಪಟ್ಟ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಭಾಷೆಯಲ್ಲಿ ಒಂದು ಕಾದಂಬರಿ ಇತ್ತಂತೆ. ದ್ವೀಪವೊಂದರ ಮೀನುಗಾರರ ಕಥೆ. ದೊಡ್ಡ ಪಂಡಿತರೊಬ್ಬರು ಅದನ್ನು ಆಗಲೇ ಕನ್ನಡಕ್ಕೆ ತಂದಿದ್ದರು, ಜನ ಅದನ್ನು ಕಣ್ಣಿಗೊತ್ತಿಕೊಂಡು ಓದುತ್ತಿದ್ದರು. ದುಗ್ಗಪ್ಪನೂ ಓದಿದ. ಕೊನೆಯ ಅಧ್ಯಾಯದಲ್ಲಿ ಒಬ್ಬ ಮುದುಕಿ ಎಲ್ಲಿಂದಲೋ ಬಂದು ಇಡೀ ಊರಿನ ಎದುರು ಸಾಕ್ಷಿ ಹೇಳುತ್ತಾಳೆ, ಊರು ತಲೆ ತಗ್ಗಿಸುತ್ತದೆ. ಯಾರು ಈ ಮುದುಕಿ? ಇವಳ ಮಾತಿಗೆ ಊರು ಯಾಕೆ ತಗ್ಗಬೇಕು? ದುಗ್ಗಪ್ಪನಿಗೆ ತಿಳಿಯಲಿಲ್ಲ. ಆಗ ಮೂಲವನ್ನು ತರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದನಂತೆ.

ಮೂಲದಲ್ಲಿ ಹನ್ನೊಂದು ಪುಟದ ಹೆರಿಗೆ ಇತ್ತು. ದ್ವೀಪದ ಧಣಿಯ ಹೆಂಡತಿಗೆ ಬೇನೆ, ಕೂಸು ಕಾಲು ಮುಂದಾಗಿದೆ, ಸೂಲಗಿತ್ತಿ ಒಂದು ಹಗಲು ಪೂರ್ತಿ ಅವಳ ಜೊತೆ ಕೂತು ಎರಡು ಜೀವ ಉಳಿಸುತ್ತಾಳೆ. ಆ ಸೂಲಗಿತ್ತಿಯೇ ಕೊನೆಯ ಮುದುಕಿ. ಪಂಡಿತರ ಕನ್ನಡದಲ್ಲಿ ಈ ಹನ್ನೊಂದು ಪುಟ ಒಂದೇ ಸಾಲಾಗಿತ್ತು: ‘ಆಕೆಯು ಶುಭಲಗ್ನದಲ್ಲಿ ಪುತ್ರರತ್ನವನ್ನು ಪ್ರಸವಿಸಿದಳು.’

ಹನ್ನೊಂದು ಪುಟಕ್ಕೆ ಒಂದು ಸಾಲು! ಲಗ್ನ ಎಲ್ಲಿಂದ ಬಂತು? ಆ ದ್ವೀಪದಲ್ಲಿ ಪಂಚಾಂಗ ನೋಡುವವರೇ ಇರಲಿಲ್ಲ.

ದುಗ್ಗಪ್ಪ ಪುಸ್ತಕವನ್ನು ಮೊದಲಿನಿಂದ ಅನುವಾದ ಮಾಡಲು ಕೂತ. ಕಡಲು, ಬಲೆ, ಜಗಳ, ಮದುವೆ ಎಲ್ಲ ಬಂತು. ಆ ಹನ್ನೊಂದು ಪುಟ ಬರಲಿಲ್ಲ. ಗಂಡಸು ಅವನು, ಅವನ ಹತ್ತಿರ ಮಾತೇ ಇರಲಿಲ್ಲ. ನಿಘಂಟಿನಲ್ಲಿದ್ದದ್ದು ವೈದ್ಯರ ಸಂಸ್ಕೃತ. ಅದಕ್ಕೇ ಊರಿನ ಸೂಲಗಿತ್ತಿ ಹೊನ್ನಜ್ಜಿಯ ಜಗಲಿಗೆ ಹೋದನಂತೆ.

ಹೊನ್ನಜ್ಜಿ ಬಿದ್ದು ಬಿದ್ದು ನಕ್ಕಳಂತೆ. “ಏ, ಕೇಳ್ರೇ ಇಲ್ಲಿ! ದುಗ್ಗಪ್ಪಂಗೆ ಹೆರಿಗೆ ಕಲೀಬೇಕಂತೆ! ಎಷ್ಟು ತಿಂಗಳೋ ನಿಂಗೆ?”

ಅವನೂ ನಕ್ಕ, ಆದರೆ ಎದ್ದು ಹೋಗಲಿಲ್ಲ. ಒಂದು ಮಳೆಗಾಲ ಪೂರ್ತಿ ಅವಳ ಜಗಲಿಯಲ್ಲಿ ಕೂತನಂತೆ. ಅವನು ಒಂದು ಸಾಲು ಓದುವನು, ಅವಳು ತಲೆ ಅಲ್ಲಾಡಿಸುವಳು. ಕಾಲು ಮುಂದಾಗಿ ಬಂದ ಕೂಸನ್ನು ಎಳೆಯುವುದಿಲ್ಲ, ಕಾಯುತ್ತಾರೆ, ಎಳೆದಳು ಅಂತ ಬರೆದರೆ ಕೂಸನ್ನು ನೀನೇ ಕೊಂದಂತೆ ಅಂದಳು. ಕೂಸಿನ ಹಿಂದೆ ಬರುವ ಮಾಸು ಬೀಳುವ ತನಕ ಸೂಲಗಿತ್ತಿ ನಗುವುದಿಲ್ಲ ಅಂದಳು. ಇವನು ಮೂಲ ನೋಡಿದ. ಅಲ್ಲಿಯೂ ಎಳೆದಿರಲಿಲ್ಲ, ಅಲ್ಲಿಯೂ ನಕ್ಕಿರಲಿಲ್ಲ. ತಪ್ಪು ಓದಿದವನು ಇವನೇ.

ಆ ಭಾಷೆಯಲ್ಲಿ ನೀನು, ನೀವು ಎರಡಕ್ಕೂ ಒಂದೇ ಮಾತು. ಸೂಲಗಿತ್ತಿ ಧಣಿಯ ಹೆಂಡತಿಯನ್ನು ಏನೆಂದು ಕರೆಯಬೇಕು ಅಂತ ಕೇಳಿದನಂತೆ.

“ಬೇನೆ ತಿನ್ನೋಳಿಗೆ ಯಾರೋ ನೀವು ಅಂತಾರೆ? ನೀನು ಅಂತ ಬರಿ. ಮಾಸು ಬಿದ್ದ ಮೇಲೆ ಬೇಕಾರೆ ಅಮ್ಮಾವ್ರೇ ಅನ್ನು.”

ಹಾಗೇ ಬರೆದ. ಮುಗಿದಾಗ ಅವಳು ಒಂದೇ ಒಂದು ಮಾತು ಕೇಳಿದಳಂತೆ. “ಊರಿಗೇ ಕೂಸು ಹಿಡ್ದೆ, ಒಂದ್ ಕಡೇನೂ ನನ್ ಹೆಸ್ರಿಲ್ಲ. ಇದ್ರಲ್ಲಾದ್ರೂ ಹಾಕ್ತೀಯೇನೋ?” ಹಾಕುತ್ತೇನೆ ಅಂತ ದುಗ್ಗಪ್ಪ ಮಾತು ಕೊಟ್ಟ.

ಅನುವಾದಕನ ಅರಿಕೆ ಪುಸ್ತಕದ ಮೊದಲಿಗಿದ್ದರೂ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ದುಗ್ಗಪ್ಪ ಅದನ್ನು ಹದಿನೇಳು ಸಲ ಬರೆದನಂತೆ. ಯಾವ ಮುದ್ರಣವನ್ನು ಇಟ್ಟುಕೊಂಡೆ ಎಂದು ಬರೆದ. ನೇರವಾಗಿ ಮೂಲದಿಂದ ಮಾಡಿದ್ದೇನೆ, ಪಂಡಿತರದು ಇಂಗ್ಲಿಷಿನಿಂದ ಬಂದದ್ದು ಎಂದು ಬರೆದ. ಅವರು ಬಿಟ್ಟ ಹನ್ನೊಂದು ಪುಟ ಇಂಥ ಅಧ್ಯಾಯದಲ್ಲಿದೆ, ಬಿಟ್ಟದ್ದರಿಂದ ಕೊನೆ ಹೀಗೆ ಕೆಟ್ಟಿತು ಎಂದು ತೋರಿಸಿದ. ಪಂಡಿತರ ಕಡಲ ವರ್ಣನೆ ತನ್ನದಕ್ಕಿಂತ ಚೆನ್ನಾಗಿದೆ ಅಂತಲೂ ಬರೆದ. ಜನರ ಹೆಸರು, ಊರುಗಳ ಹೆಸರು ಹಾಗೆಯೇ ಉಳಿಸಿದ್ದೇನೆ, ಒಂದು ಬಗೆಯ ಮೀನಿಗೆ ಮಾತ್ರ ನಮ್ಮಲ್ಲಿ ಹೆಸರು ಸಿಗಲಿಲ್ಲ ಎಂದು ಒಪ್ಪಿಕೊಂಡ. ಆಮೇಲೆ ಬರೆದ: ‘ಹೆರಿಗೆಯ ಹನ್ನೊಂದು ಪುಟಕ್ಕೆ ಮಾತು ಕೊಟ್ಟವಳು ಈ ಊರಿನ ಸೂಲಗಿತ್ತಿ ಹೊನ್ನಿ. ಅಲ್ಲಿ ಸರಿ ಇರುವುದೆಲ್ಲ ಅವಳದು, ತಪ್ಪಿದ್ದರೆ ನನ್ನದು.’ ಕೆಳಗೆ ಊರು, ತಾರೀಖು, ಸಹಿ. ಎಲ್ಲ ಸೇರಿ ಎಂಟು ಪುಟ, ಅಚ್ಚಿನ ಲೆಕ್ಕದಲ್ಲಿ ಮಡಿಸಿದ ಒಂದು ಹಾಳೆ.

ಪುಸ್ತಕ ಬಂತು. ದುಗ್ಗಪ್ಪ ತೆರೆದು ನೋಡಿದರೆ ಪಂಡಿತರ ಶಿಷ್ಯರೊಬ್ಬರ ಮುನ್ನುಡಿ ಇದೆ, ಅರಿಕೆ ಇಲ್ಲ.

ಪ್ರಕಾಶಕ ರಾಯರ ಬಳಿಗೆ ಓಡಿದ. ರಾಯರು ಸಮಾಧಾನವಾಗಿಯೇ ಹೇಳಿದರಂತೆ: “ಅರಿಕೆ ಯಾರು ಓದುತ್ತಾರೆ ದುಗ್ಗಪ್ಪ? ಅದೂ ಅಲ್ಲದೆ, ಪುಸ್ತಕದ ಬಾಗಿಲಲ್ಲಿ ಸೂಲಗಿತ್ತಿಯನ್ನು ಕೂರಿಸುತ್ತಾರೇನಪ್ಪ?”

“ರಾಯರೇ, ನೀವು ಹೊರಗೆ ಬಂದ ಬಾಗಿಲಲ್ಲಿ ಕೂತಿದ್ದವಳೂ ಅವಳೇ.”

ಇದನ್ನು ಹೇಳಿ ಆ ಊರಿನ ಮುದುಕರು ಈಗಲೂ ನಕ್ಕು ಮುಂದೆ ಹೋಗುತ್ತಾರೆ. ನಾನು ಹಾಗೆ ಮುಂದೆ ಹೋಗುವವನಲ್ಲ. ಅವಳ ಕೈ ಬೇಕು, ಅವಳ ಮಾತು ಬೇಕು, ಹೆಸರು ಮಾತ್ರ ಬೇಡ. ಇದು ಕಳ್ಳತನ. ಶಾಲು ಹೊದ್ದುಕೊಂಡು ಮಾಡಿದರೂ ಕಳ್ಳತನವೇ.

ಆದರೆ ರಾಯರು ಒಂದು ಮರೆತಿದ್ದರು. ಪರಿವಿಡಿಯ ಹಾಳೆ ಆಗಲೇ ಅಚ್ಚಾಗಿತ್ತು. ಅದರಲ್ಲಿ ‘ಅನುವಾದಕನ ಅರಿಕೆ’ ಎಂದು ಪುಟಸಂಖ್ಯೆಯ ಸಮೇತ ಕೂತಿತ್ತು. ಅರಿಕೆ ಯಾರೂ ಓದುವುದಿಲ್ಲ ಎಂದವರಿಗೆ ಓದುಗರು ಗೊತ್ತಿರಲಿಲ್ಲ. ಒಬ್ಬ ಬಂದ, ಎಂಟು ಪುಟ ಎಲ್ಲಿ ಅಂದ. ಇನ್ನೊಬ್ಬಳು ಬಂದಳು. ವಾರದಲ್ಲಿ ರಾಯರ ಅಂಗಡಿಯ ಮುಂದೆ ಸಾಲು ನಿಂತಿತಂತೆ. ನೂರು ಜನ ಅನ್ನುತ್ತಾರೆ, ಸಾವಿರ ಅನ್ನುತ್ತಾರೆ. ಇಪ್ಪತ್ತಿದ್ದರೂ ನನಗೆ ಸಾಕು.

ರಾಯರು ಏನು ಹೇಳಿದರು ಗೊತ್ತೇ? ಹಾಳೆ ಮಡಿಸಿ ಹೊಲಿಯುವ ಹೆಂಗಸರು ಬಿಟ್ಟುಬಿಟ್ಟಿದ್ದಾರೆ ಅಂದರು!

ಆ ಮಾತು ಒಳಗೆ ಹೊಲಿಯುತ್ತಿದ್ದವರ ಕಿವಿಗೆ ಬಿತ್ತು. ಅವರಲ್ಲಿ ಹಿರಿಯಳು ಗಿರಿಯಮ್ಮ ಸೂಜಿ ಕೆಳಗಿಟ್ಟು ಹೊರಗೆ ಬಂದಳಂತೆ. “ನಾವು ಹಾಳೆ ನುಂಗಿದ್ವಾ ರಾಯರೇ? ಕೊಡಿ ಆ ಹಾಳೆ, ಹೊಲೀತೀವಿ. ಅದು ಬರೋವರೆಗೆ ಬೇರೆ ಒಂದು ಹೊಲಿಗೆನೂ ಹಾಕಲ್ಲ.”

ಹನ್ನೆರಡು ದಿನ ಸೂಜಿ ಆಡಲಿಲ್ಲವಂತೆ. ಹದಿಮೂರನೆಯ ದಿನ ರಾಯರು ಎಂಟು ಪುಟವನ್ನು ಅಚ್ಚು ಮಾಡಿಸಿದರು. ಹೊಲಿದು ಮುಗಿದಿದ್ದ ಪ್ರತಿಗಳಿಗೆ ಬಿಡಿ ಹಾಳೆಯಾಗಿ ಸೇರಿಸಿದರು, ಉಳಿದವಕ್ಕೆ ಗಿರಿಯಮ್ಮ ತನ್ನ ಕೈಯಾರೆ ಹೊಲಿದಳು.

ದುಗ್ಗಪ್ಪ ಮೊದಲ ಪ್ರತಿಯನ್ನು ಹೊನ್ನಜ್ಜಿಯ ಜಗಲಿಗೆ ಒಯ್ದ. ಅವಳಿಗೆ ಓದು ಬಾರದು. ಎಲ್ಲಿ ಅಂತ ಕೇಳಿದಳು. ಅವನು ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟ. ಅವಳು ತುಂಬ ಹೊತ್ತು ಬೆರಳು ತೆಗೆಯಲಿಲ್ಲವಂತೆ. ಆಮೇಲೆ, “ಇಷ್ಟು ಸಣ್ಣದಾ?” ಅಂದಳಂತೆ.

ಇಬ್ಬರೂ ಹೋಗಿ ಎಷ್ಟು ಕಾಲವಾಯಿತೋ ಯಾರಿಗೂ ತಿಳಿಯದು. ಆ ಊರಿನ ವಾಚನಾಲಯದಲ್ಲಿ ಇಂದಿಗೂ ಅನುವಾದದ ಪುಸ್ತಕ ಕೈಗೆ ಬಂದರೆ ಜನ ಮೊದಲು ಅರಿಕೆ ಹುಡುಕುತ್ತಾರೆ. ಅರಿಕೆ ಇಲ್ಲದಿದ್ದರೆ, ಇದ್ದೂ ಅದರಲ್ಲಿ ದೊಡ್ಡವರ ಹೆಸರುಗಳೇ ತುಂಬಿದ್ದರೆ, ಮೊದಲಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದು ಪುಸ್ತಕವನ್ನು ಹಿಂದಿರುಗಿಸುತ್ತಾರೆ: ‘ಮಾತು ಕೊಟ್ಟವರು ಯಾರು?’

ನಾನು ಹೋಗಿ ನೋಡಿದ್ದೇನೆ. ಕಪಾಟು ಕಪಾಟಿನ ತುಂಬ ಆ ಪ್ರಶ್ನೆ ಇದೆ. ಬಹಳ ಪುಸ್ತಕಗಳಲ್ಲಿ ಅದರ ಕೆಳಗೆ ಇನ್ನೂ ಯಾರೂ ಏನೂ ಬರೆದಿಲ್ಲ.