ಸಡಿಲ ಬಿಟ್ಟ ಕೈ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಮಾತು ಬಿಟ್ಟು ಕೂತ ಹಿರಿಯರನ್ನು ನೋಡಲು ಹೋಗಬೇಕೆಂದರೆ ನನಗೆ ಕಾಲೇ ಏಳುವುದಿಲ್ಲ. ಹೋದರೂ ಏನಂತ ಮಾತು ತೆಗೆಯಲಿ?”

ಗುರುಗಳು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ತಂಗಿ ತೀರಿಕೊಂಡಾಗ ಅವಳ ಕೂಸು ನೀಲವ್ವನನ್ನು ತಾನೇ ಸಾಕಿ ದೊಡ್ಡವಳನ್ನಾಗಿ ಮಾಡಿದ. ವಯಸ್ಸಾದ ಮೇಲೆ ನೆನಪು ಕೈಕೊಟ್ಟಿತು. ಒಲೆ ಹಚ್ಚಿ ಮರೆಯುತ್ತಿದ್ದ, ಬೀದಿಗಿಳಿದರೆ ಮನೆ ಸಿಗುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನೀಲವ್ವ ಅವನನ್ನು ವೃದ್ಧಾಶ್ರಮಕ್ಕೆ ಸೇರಿಸಿದಳು.

ಪ್ರತಿ ಭಾನುವಾರ ಹೋಗುತ್ತಿದ್ದಳು. ಅವನ ಕೋಣೆಯ ಬಾಗಿಲು ಕಂಡರೆ ಸಾಕು, ಭಯ ಹಿಡಿಯುತ್ತಿತ್ತು. ಅವಳ ಬಾಲ್ಯ ಕಂಡವರಲ್ಲಿ ಉಳಿದವನು ಅವನೊಬ್ಬನೇ. ಅವನೂ ಮರೆತರೆ ತಾನು ಯಾರ ಮಗಳು?

ಈ ಭಯಕ್ಕೆ ಅವಳೇ ಒಂದು ಮದ್ದು ಹುಡುಕಿಕೊಂಡಿದ್ದಳು. ಅದು ಮದ್ದಲ್ಲ, ವಿಷ. ಒಳಗೆ ಬಂದವಳೇ ಕಿಟಕಿಗೆ ಬೆನ್ನು ಮಾಡಿ ನಿಂತು, ತಾನು ಯಾರು ಹೇಳು ಎಂದು ಕೇಳುವಳು. ಬೆಳಿಗ್ಗೆ ಏನು ತಿಂದೆ, ನಿನ್ನೆ ಯಾರು ಬಂದಿದ್ದರು ಎಂದು ಒಂದರ ಮೇಲೊಂದು ಕೇಳುವಳು. ಅವನು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗುವನು. ಮಾವನಿಗೆ ತನ್ನ ಮೇಲೆ ಸಿಟ್ಟು ಎಂದೇ ಅವಳು ತಿಳಿದಿದ್ದಳು.

ಒಂದು ಭಾನುವಾರ ಅವಳು ತಂದ ಮೋಸಂಬಿ ಕೈಜಾರಿ ಮಂಚದಡಿ ಉರುಳಿತು. ಹುಡುಕಲು ಕುಕ್ಕರುಗಾಲಲ್ಲಿ ಕೂತವಳು ತಲೆ ಎತ್ತಿದರೆ, ಕಿಟಕಿಯ ಮುಂದೆ ಮುಖವೇ ಇಲ್ಲದ ಕಪ್ಪು ಆಕಾರ. ಅವಳು ಬೆಚ್ಚಿಬಿದ್ದಳು. ಅದು ನೀರು ಇಡಲು ಬಂದ ಆಯಾ. ಪಕ್ಕದಲ್ಲೇ ಹೊದಿಕೆಯ ಅಂಚು ಹಿಡಿದ ಮಾವನ ಮುಷ್ಟಿ ಗಡಗಡ ನಡುಗುತ್ತಿತ್ತು. ಅವನಿಗೆ ಸಿಟ್ಟಿಲ್ಲ, ಹೆದರಿಕೆ. ವಾರವಾರವೂ ಅದೇ ಜಾಗದಲ್ಲಿ ನಿಂತು ಹೆದರಿಸಿದವಳು ತಾನೇ.

ಮುಂದಿನ ವಾರ ಬಂದವಳೇ ಕೋಣೆಯ ಟಿವಿ ಬಂದ್ ಮಾಡಿದಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ, ಅವನಿಗೆ ಚೆನ್ನಾಗಿ ಕೇಳುವ ಕಿವಿಯ ಕಡೆ, ಅವನ ಕಣ್ಣಿನ ಮಟ್ಟಕ್ಕೆ ಸ್ಟೂಲು ಹಾಕಿಕೊಂಡು ಕೂತಳು. ಹೊಸ ಗಾಜಿನ ಬಳೆಯೊಂದನ್ನು ಅರ್ಧ ಏರಿಸಿದ್ದ ಕೈಯನ್ನು ಅವನ ಪಕ್ಕದಲ್ಲಿಟ್ಟಳು.

“ಮಾಮಾ, ನಾ ನೀಲವ್ವ, ನಿನ್ನ ತಂಗಿ ಮಗಳು. ಈ ಬಳಿ ಗೆಣ್ಣಿಗೆ ಸಿಕ್ಕೊಂಡೈತಿ.”

ಅಷ್ಟು ಹೇಳಿ ಸುಮ್ಮನಾದಳು. ಹಳೆಯ ಪ್ರಶ್ನೆಯೇ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಅವನಿಗೆ ಮಾತು ಹುಡುಕಿಕೊಳ್ಳಲು ಹೊತ್ತು ಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕೂತಳು.

ಬಹಳ ಹೊತ್ತಿನ ಮೇಲೆ ಹೊದಿಕೆಯೊಳಗಿಂದ ಒಂದು ಕೈ ಹೊರಬಂತು. ಹೆಬ್ಬೆರಳು ಅವಳ ಬೆರಳ ಗೆಣ್ಣುಗಳನ್ನು ಒತ್ತಿ ಮಡಿಸಿತು.

“ಅಂಜಬ್ಯಾಡ ತಂಗಿ,” ಎಂದ ಬಳೆಗಾರ. “ಕೈ ಸಡಿಲ ಬಿಡು. ಬಿಗಿ ಹಿಡಿದ್ರ ಒಡೀತೈತಿ.”

ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು. ಅವನು ಕೈ ಬಿಡಲಿಲ್ಲ. ಅಂಜಿ ಮುಷ್ಟಿ ಹಿಡಿಯುವ ಎಳೆಯ ಕೈಗೆ ಬಳೆ ಇಡುವುದು ಎಷ್ಟು ಕಷ್ಟ ಎಂದು ಮೆಲ್ಲಗೆ ಹೇಳತೊಡಗಿದ. ಅವಳು ಕೇಳುತ್ತ ಕೂತಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆದರೆ ಗುರುಗಳೇ, ಬಳೆಗಾರರು ಎಲ್ಲರನ್ನೂ ತಂಗಿ ಎನ್ನುತ್ತಾರೆ. ಅವನಿಗೆ ಅವಳ ಗುರುತು ಸಿಕ್ಕಿತೋ ಇಲ್ಲವೋ?”

ಗುರುಗಳು ಹೇಳಿದರು: “ಗುರುತು ಕೇಳುತ್ತ ನೀನಿನ್ನೂ ಕಿಟಕಿಗೆ ಬೆನ್ನು ಮಾಡಿಯೇ ನಿಂತಿದ್ದೀಯ.”