ಗುರುತಿಲ್ಲದ ದಿನಗಳು

ಕುಮುದಿನಿ ಎಂಬ ಶಿಷ್ಯೆ ಗುರುತಾಯಿಯನ್ನು ಕೇಳಿದಳು: “ನನ್ನ ಗಂಡನನ್ನು ನಾನು ಸರಿಯಾಗಿ ಕಂಡಿದ್ದೇನೆಯೇ, ತಪ್ಪಾಗಿ ಎಣಿಸುತ್ತಿದ್ದೇನೆಯೇ? ತವರಿನವರನ್ನು ಕೇಳಿದರೆ ಅವರು ನನ್ನ ಕಡೆ. ಅತ್ತೆಮನೆಯವರನ್ನು ಕೇಳಿದರೆ ಅವನ ಕಡೆ. ಇನ್ನು ಯಾರನ್ನು ಕೇಳಲಿ?”

ಗುರುತಾಯಿ ಹೇಳಿದರು:

ಒಂದು ಊರಿನಲ್ಲಿ ಬಟ್ಟೆ ಪರೀಕ್ಷಿಸುವ ಹೆಂಗಸೊಬ್ಬಳಿದ್ದಳು. ನೇಕಾರರು ತಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು, ಎಳೆ ಹರಿದಲ್ಲಿ, ಗಂಟು ಬಿದ್ದಲ್ಲಿ ಕೆಮ್ಮಣ್ಣಿನ ಗುರುತು ಹಾಕುವುದು ಅವಳ ಕೆಲಸ. ಅವಳ ಗಂಡ ಬಣ್ಣಗಾರ. ಮನೆಗೆ ಬಂದವನನ್ನು ಅವಳು ಏನಾದರೂ ಕೇಳಿದರೆ ಅವನು ಉತ್ತರ ಕೊಡುತ್ತಿರಲಿಲ್ಲ. ತನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲ ಎಂದು ಅವಳು ತೀರ್ಮಾನಿಸಿದಳು. ಬಿಡುವಾದಾಗ ಬಂದು ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಹೇಳಿ ಕಳುಹಿಸಿದಳು.

ಆದರೂ ಅವಳು ಅವಸರದವಳಲ್ಲ. ಹೊರಡುವ ಮೊದಲು ತನ್ನ ತೀರ್ಮಾನ ಗಟ್ಟಿಯೋ ಅಲ್ಲವೋ ನೋಡಬೇಕೆಂದು, ಗಂಡನ ನಡತೆಯನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಬಂದಳು. “ಇಂದೂ ಅಸಡ್ಡೆ ಮಾಡಿದ.” “ಇಂದೂ ಮುಖ ತಿರುಗಿಸಿದ.” ಹಾಗೆ ಹಾಳೆಗಳು ತುಂಬಿದವು. ಒಂದು ದಿನ ಕುಳಿತು ಎಲ್ಲವನ್ನೂ ಓದಿದಳು. ಗಂಡ ಕಟುಕನಂತೆ ಕಂಡ. ಇನ್ನೇನು ಪುಸ್ತಕ ಮುಚ್ಚಬೇಕು, ಆಗ ಅವಳಿಗೆ ತಾರೀಕುಗಳ ನಡುವಿನ ಅಂತರ ಕಣ್ಣಿಗೆ ಬಿತ್ತು. ಒಂದು ಬರಹಕ್ಕೂ ಮುಂದಿನದಕ್ಕೂ ನಡುವೆ ಎಷ್ಟೋ ದಿನಗಳಿದ್ದವು. ಆ ದಿನಗಳಲ್ಲಿ ಅವನು ಮಾತಾಡಿದ್ದನೇ? ನೆನಪಾಗಲಿಲ್ಲ. ದೋಷವಿಲ್ಲದ ಬಟ್ಟೆಗೆ ಗುರುತು ಹಾಕುವ ರೂಢಿ ಅವಳ ಕೆಲಸದಲ್ಲಿ ಇರಲಿಲ್ಲ. ಆ ರೂಢಿಯನ್ನೇ ಅವಳು ಗಂಡನ ಮೇಲೂ ನಡೆಸಿದ್ದಳು. ಆದರೆ ಬಟ್ಟೆಯನ್ನಾದರೆ ಅವಳು ಅಂಚಿನಿಂದ ಅಂಚಿನವರೆಗೆ ನೋಡಿಯೇ ಗುರುತಿಲ್ಲದೆ ಬಿಡುತ್ತಿದ್ದಳು. ಈ ದಿನಗಳನ್ನು ಅವಳು ನೋಡಿಯೇ ಇರಲಿಲ್ಲ.

“ಮಳೆಗಾಲ ಮುಗಿದ ಮೇಲೆ ಬಾ” ಎಂದು ಅಣ್ಣನಿಗೆ ಮತ್ತೆ ಹೇಳಿ ಕಳುಹಿಸಿ, ಹೊಸ ಪುಸ್ತಕ ಕಟ್ಟಿದಳು.

ಈ ಸಲ ಒಳ್ಳೆಯ ದಿನ, ಕೆಟ್ಟ ದಿನ ಎನ್ನದೆ ಪ್ರತಿದಿನವೂ ಒಂದೇ ಹೊತ್ತಿನಲ್ಲಿ ಬರೆದಳು. ಎಡಗಡೆಯ ಹಾಳೆಗೆ, ಬಾಗಿಲಲ್ಲಿ ನಿಂತ ಅಪರಿಚಿತನೊಬ್ಬ ಏನನ್ನು ಕಂಡು ಏನನ್ನು ಕೇಳಬಹುದೋ ಅಷ್ಟು ಮಾತ್ರ. “ಅಸಡ್ಡೆ” ಎಂಬ ಪದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. “ನಾನು ಎಣ್ಣೆಯ ವಿಷಯ ಕೇಳಿದೆ, ಅವರು ಕೈ ತೊಳೆಯಲು ಹೋದರು” ಎಂದಷ್ಟೇ ಬರೆಯಬಹುದಿತ್ತು. ಅದರಿಂದ ತಾನು ಏನು ತಿಳಿದುಕೊಂಡೆ ಎಂಬುದು ಬಲಗಡೆಯ ಹಾಳೆಗೆ. ಅದರ ಕೆಳಗೆ, ಅದೇ ನಡತೆಗೆ ಇರಬಹುದಾದ ಇನ್ನೊಂದು ಅರ್ಥ. ತನಗೆ ನಂಬಿಕೆಯಿಲ್ಲದಿದ್ದರೂ ಸರಿ. ಕೊನೆಗೆ ತನ್ನ ಸ್ಥಿತಿ: ಹಸಿದಿದ್ದೆನೇ, ನಿದ್ದೆಗೆಟ್ಟಿದ್ದೆನೇ, ಮೊದಲೇ ಸಿಟ್ಟಾಗಿದ್ದೆನೇ.

ಮೊದಲ ಹಾಳೆಯಲ್ಲೇ ಇನ್ನೊಂದು ಮಾತು ಬರೆದಿಟ್ಟಳು: “ನನ್ನ ಮಾತಿಗೆ ಬೆಲೆಯಿಲ್ಲವೆಂಬುದು ನಿಜವಾದರೆ, ಅವರ ಮೌನ ನನ್ನೊಬ್ಬಳೊಡನೆ ಮಾತ್ರ ಇರಬೇಕು, ನಾನು ಹೇಳಿದ ಕೆಲಸ ಆಗದೆ ಉಳಿಯಬೇಕು. ಹಾಗಿಲ್ಲದಿದ್ದರೆ ನಾನು ಎಣಿಸಿದ್ದು ತಪ್ಪು.”

ಪುಸ್ತಕವನ್ನು ಸೀರೆಯ ಪೆಟ್ಟಿಗೆಯ ತಳದಲ್ಲಿಟ್ಟಳು. ಯಾರಾದರೂ ಓದುತ್ತಾರೆಂದು ಗೊತ್ತಾದರೆ ಕೈ ವಕೀಲನಂತೆ ಬರೆಯುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ಜಗಳದಲ್ಲಿ ಅದರ ಒಂದು ಸಾಲನ್ನೂ ಎತ್ತಿ ಆಡಲಿಲ್ಲ. ಸಿಟ್ಟಿನ ದಿನ ಹಿಂದಿನ ಹಾಳೆ ತಿರುವಲಿಲ್ಲ. ತಿರುವಬೇಕೆಂದು ಬೆರಳು ತುಡಿಯುತ್ತಿತ್ತು. ಅವಳು ಬೆರಳಿನ ಮಾತು ಕೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ, ಮನಸ್ಸು ತಿಳಿಯಾಗಿದ್ದ ಒಂದು ಬೆಳಗ್ಗೆ ಓದಿದಳು. ಮೊದಲು ಎಡಗಡೆಯ ಹಾಳೆಗಳನ್ನಷ್ಟೇ.

ಗಂಡ ಮಾತಾಡದ ದಿನಗಳು ಹೆಚ್ಚುಕಡಿಮೆ ಎಲ್ಲವೂ ಅವನು ಬಟ್ಟೆ ಅದ್ದುವ ನೀಲಿ ಬಣ್ಣದ ಬಾನಿಯ ಬಳಿ ದುಡಿದು ಬಂದ ದಿನಗಳೇ ಆಗಿದ್ದವು. ಆ ದಿನಗಳಲ್ಲಿ ಪಕ್ಕದ ಮನೆಯವನು ಕೂಗಿದರೂ ಅವನು ಕೈಯೆತ್ತಿ ಒಳಗೆ ಬಂದಿದ್ದ. ಬಾವಿಯ ಹಗ್ಗ ಸವೆದಿದೆ ಎಂದು ಅವಳು ಹೇಳಿದಾಗ ಉತ್ತರವಿರಲಿಲ್ಲ. ಎರಡು ಹಾಳೆಗಳ ಆಚೆ, ಬಾವಿಗೆ ಹೊಸ ಹಗ್ಗ ಬಂದಿತ್ತು. ತನ್ನ ಮೊದಲ ಹಾಳೆಯ ಮಾತನ್ನು ಅವಳು ಮತ್ತೊಮ್ಮೆ ಓದಿ, ಅದರ ಮೇಲೆ ಅಡ್ಡಗೆರೆ ಎಳೆದಳು.

ಇಲ್ಲಿಗೆ ನಿಲ್ಲಿಸಿದ್ದರೆ, ಕುಮುದಿನಿ, ಅವಳು ಗಂಡನದು ಏನೂ ತಪ್ಪಿಲ್ಲವೆಂದು ತೀರ್ಮಾನಿಸಿ ಎದ್ದುಬಿಡುತ್ತಿದ್ದಳು. ಅವಳು ನಿಲ್ಲಿಸಲಿಲ್ಲ. ಪೂರ್ತಿ ಓದಿದಳು.

ಮನೆಗೆ ನೆಂಟರು ಬಂದಾಗಲೆಲ್ಲ ಊಟದ ಹೊತ್ತಿಗೆ ಅವನು ಒಂದು ಮಾತು ಆಡಿದ್ದ. “ಇವಳ ಕೈಗೆ ಚಂದ್ರನನ್ನು ಕೊಡಿ, ಎಲ್ಲಿ ಎಳೆ ಹರಿದಿದೆ ಅಂತ ಹುಡುಕ್ತಾಳೆ.” ಇನ್ನೊಮ್ಮೆ, “ನನ್ನ ಬೆನ್ನ ಮೇಲೂ ಕೆಮ್ಮಣ್ಣು ಬಳಿದಿದ್ದಾಳೇನೋ, ನೋಡಪ್ಪ.” ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಬಲಗಡೆಯಲ್ಲಿ ಪ್ರತಿಸಲವೂ ಅವಳೇ ಬರೆದಿದ್ದಳು: “ಬರೀ ತಮಾಷೆ.” ಅದರ ಕೆಳಗೆ, ತನ್ನ ಸ್ಥಿತಿ ಎಂಬಲ್ಲಿ, ಪ್ರತಿಸಲವೂ ಇತ್ತು: “ಊಟ ಸೇರಲಿಲ್ಲ.” ಅವನ ಮೌನ ಅವಳಿಗೆ ಸಹಿಸಲಾಗದಂತೆ ಚುಚ್ಚಿದ್ದು, ಸಿಟ್ಟಿನಿಂದ ಬರೆದದ್ದು, ನೆಂಟರು ಹೋದ ಮೇಲಿನ ದಿನಗಳಲ್ಲೇ.

ಅವನ ವಿರುದ್ಧವಾಗಿ ಬರೆದದ್ದನ್ನು ಅವಳು ತೂಗಿ ನೋಡಿದ್ದಳು. “ಬರೀ ತಮಾಷೆ” ಎಂದು ಅವನ ಪರವಾಗಿ ಬರೆದದ್ದನ್ನು ತೂಗಿರಲಿಲ್ಲ.

ಇನ್ನು ಪುಸ್ತಕದಿಂದ ತಿಳಿಯುವುದು ಮುಗಿದಿತ್ತು. ಅವನನ್ನೇ ಕೇಳಬೇಕಾಗಿತ್ತು. ಬಣ್ಣದ ಕೆಲಸವಿಲ್ಲದ ದಿನ, ಪುಸ್ತಕವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಅವನೆದುರು ಕುಳಿತಳು.

“ನೀಲಿ ಬಾನಿಯಿಂದ ಬಂದ ದಿನ ನೀವು ಮಾತಾಡೋದಿಲ್ಲ. ನನ್ನನ್ನು ತಾತ್ಸಾರ ಮಾಡ್ತೀರಿ ಅಂದುಕೊಂಡಿದ್ದೆ. ಏನದು?”

“ತಾತ್ಸಾರ ಯಾಕೆ ಮಾಡಲಿ? ಆ ನಾತದಲ್ಲಿ ನಿಂತು ಬಂದರೆ ತಲೆ ಸಿಡಿಯುತ್ತೆ ಕಣೇ. ಬಾಯಿ ತೆಗೆದರೆ ತಿಂದದ್ದೆಲ್ಲ ಹೊರಗೆ ಬರುತ್ತೇನೋ ಅನ್ನಿಸುತ್ತೆ.”

“ಸರಿ. ಇನ್ನು ಆ ದಿನ ಕೇಳೋದಿಲ್ಲ. ಇನ್ನೊಂದಿದೆ. ನೆಂಟರ ಮುಂದೆ ನನ್ನ ಕೆಲಸವನ್ನು ಆಡಿಕೊಂಡು ನಗ್ತೀರಿ. ಆ ದಿನ ನನಗೆ ಅನ್ನ ಇಳಿಯೋದಿಲ್ಲ. ಅದು ನಿಲ್ಲಬೇಕು.”

“ಅಯ್ಯೋ, ನೀನೂ ನಗ್ತಿದ್ದೆಯಲ್ಲ?”

“ನಗ್ತಿದ್ದೆ. ಅದು ನನ್ನ ಸುಳ್ಳು. ಇನ್ನು ನಗೋದಿಲ್ಲ.”

ಅವನು ಎದ್ದು ಹಿತ್ತಲಿಗೆ ಹೋದ. ಅವಳು ಆ ದಿನದ ಹಾಳೆಯಲ್ಲಿ ಬರೆದಳು: “ನನಗೆ ನೋವಾಗುತ್ತದೆಂದು ಗೊತ್ತಿಲ್ಲದೆ ಆಡುತ್ತಿದ್ದರಾದರೆ ಇನ್ನು ಆಡುವುದಿಲ್ಲ. ಆಡಿದರೆ, ಗೊತ್ತಿದ್ದೇ ಆಡುತ್ತಿದ್ದರು. ಆಗ ಹೊರಡುತ್ತೇನೆ.”

ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಊಟಕ್ಕೆ ಕುಳಿತರು. ಅವಳು ಸಾರು ಬಡಿಸಿದಳು. ಅವನು ಆ ಮಾತು ಆಡಿದರೂ ಸರಿ, ಆಡದಿದ್ದರೂ ಸರಿ, ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು. ಗಂಡ ಎಂದಿನಂತೆ ಶುರುಮಾಡಿದ: “ನಿಮ್ಮ ತಂಗಿಯ ಕೈಗೆ ಚಂದ್ರನನ್ನು…” ಅವಳು ನಗದೆ ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿ ಅನ್ನ ಕಲಸಿಕೊಂಡ. “ಚಂದ್ರನನ್ನು ಏನು ಭಾವ?” ಎಂದು ಅಣ್ಣ ಕೇಳಿದ. “ಏನಿಲ್ಲ. ಸಾರು ಹಾಕಿಸಿಕೊಳ್ಳಿ” ಎಂದ ಗಂಡ.

ರೂಢಿಯಿಂದ ಬಾಯಿಗೆ ಬಂದ ಮಾತನ್ನು ಅವನೇ ತಡೆದದ್ದನ್ನು ಅವಳು ಕಂಡಳು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು. ಮರುದಿನ ಗಾಡಿಯ ಬಳಿ ನಿಂತು, “ಈಗ ಬರೋದಿಲ್ಲ ಅಣ್ಣಾ. ಬರಬೇಕಾದಾಗ ನಾನೇ ಹೇಳಿ ಕಳಿಸ್ತೀನಿ” ಎಂದಳು.

ಗುರುತಾಯಿ ಇಷ್ಟಕ್ಕೆ ನಿಲ್ಲಿಸಿದರು. ಕುಮುದಿನಿ ಕೇಳಿದಳು: “ಅವನ ಮೌನದಲ್ಲಿ ತಾತ್ಸಾರ ಇರಲಿಲ್ಲವಲ್ಲ, ತಾಯಿ. ಹಾಗಾದರೆ ಅಷ್ಟು ಕಾಲ ಅವಳು ಪಟ್ಟ ನೋವು ಸುಳ್ಳೇ?”

“ನೋವು ನಿಜ, ಮಗಳೇ. ನೆಂಟರ ಮುಂದಿನ ನಗೆಯಿಂದ ಆದ ನೋವನ್ನು ಅವಳು ಮೌನದ ದಿನದ ಹೆಸರಿಗೆ ಬರೆದಿದ್ದಳು.”