ಮುಳ್ಳುಹಂದಿಯ ಬಾಗಿಲಿಗೆ ಹೋದ ಹಾರೈಕೆ

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ಕೆರೆ ಇತ್ತು. ಅದರ ಏರಿಯ ಮೇಲಿನ ಹುಣಸೆಮರದಲ್ಲಿ ಒಂದು ಅಳಿಲು, ಏರಿಯ ಕೆಳಗಿನ ಬಿಲದಲ್ಲಿ ಒಂದು ಮುಳ್ಳುಹಂದಿ. ಇಬ್ಬರೂ ಹಳೆಯ ಗೆಳತಿಯರು. ಚಳಿಗಾಲದ ಸಂಜೆ ಮುಳ್ಳುಹಂದಿ ಗೆಣಸು ಅಗೆದು ತರುತ್ತಿತ್ತು, ಅಳಿಲು ಕಡಲೆಕಾಯಿ ಸುಲಿಯುತ್ತಿತ್ತು, ಹರಟೆ ನಡೆಯುತ್ತಿತ್ತು.

ಮುಳ್ಳುಹಂದಿ ಯಾವ ಹಬ್ಬವನ್ನೂ ಮಾಡುತ್ತಿರಲಿಲ್ಲ. ದೇವರ ಹೆಸರಿನ ಹಾರೈಕೆ ತನಗೆ ಬೇಡವೆಂದು ಹೋದ ವರ್ಷವೇ ನೇರವಾಗಿ ಹೇಳಿತ್ತು. ಅಳಿಲು ತಲೆಯಾಡಿಸಿತ್ತು. ತಲೆಯಾಡಿಸುವುದು ಅದಕ್ಕೆ ಸುಲಭ, ನೆನಪಿಟ್ಟುಕೊಳ್ಳುವುದು ಕಷ್ಟ.

ಸಂಕ್ರಾಂತಿಗೆ ಎರಡು ದಿನವಿತ್ತು. ಮನೆಮನೆಗೆ ಹೋಗಲು ಅಳಿಲಿಗೆ ಸೋಮಾರಿತನ. ಗೊರವಂಕ ಹಕ್ಕಿಗೆ ಒಂದೇ ಮಾತು ಬಾಯಿಪಾಠ ಮಾಡಿಸಿ ಕಳಿಸಿತು. ಹಕ್ಕಿ ಇಪ್ಪತ್ತು ಬಾಗಿಲಲ್ಲಿ ಒಪ್ಪಿಸಿದ್ದನ್ನೇ ಬಿಲದ ಬಾಗಿಲಲ್ಲೂ ಒಪ್ಪಿಸಿತು: "ಸಂಕ್ರಾಂತಿಯ ಶುಭಾಶಯಗಳು. ಸೂರ್ಯದೇವ ನಿಮಗೆ ಸಕಲ ಸೌಭಾಗ್ಯ ಕೊಡಲಿ."

ಮುಳ್ಳುಹಂದಿ ಬಾಗಿಲಿಗೆ ಒಂದು ಕಲ್ಲು ಉರುಳಿಸಿಕೊಂಡಿತು.

ಸುದ್ದಿ ತಿಳಿದ ಅಳಿಲು ತಪ್ಪು ತಿದ್ದಲು ಹೊರಟು ಇನ್ನೊಂದು ತಪ್ಪು ಮಾಡಿತು. "ನೀನು ನಂಬದಿದ್ದರೂ ದೇವರು ನಿನ್ನ ಕೈಬಿಡುವುದಿಲ್ಲ" ಎಂದು ಮರುದಿನ ಹೇಳಿಕಳಿಸಿತು, ಜೊತೆಗೆ ಒಂದಿಷ್ಟು ಪ್ರಸಾದ. ಬಾಗಿಲಿಗೆ ಎರಡನೆಯ ಕಲ್ಲು ಬಿತ್ತು. ಅಂದು ಸಂಜೆ ಗೆಣಸೂ ಇಲ್ಲ, ಹರಟೆಯೂ ಇಲ್ಲ. ಅಳಿಲಿಗೆ ಅಳು ಬಂತು.

ತಾನು ಒಳ್ಳೆಯದನ್ನೇ ಬಯಸಿದೆನಲ್ಲ ಎಂದು ಅದು ನೆರೆಯ ಮೊಲಜ್ಜಿಯ ಹತ್ತಿರ ಗೊಣಗಿತು.

"ನಿನ್ನ ಮಾತಲ್ಲಿ ನಿನ್ನ ಹಬ್ಬ ಇದೆ, ನಿನ್ನ ದೇವರಿದ್ದಾನೆ. ಮುಳ್ಳುಹಂದಿ ಎಲ್ಲಿದೆ?" ಎಂದಿತು ಮೊಲಜ್ಜಿ.

ಅಳಿಲು ಯೋಚಿಸಿತು. ಹಬ್ಬದ ಹೆಸರು ತೆಗೆಯಿತು, ದೇವರನ್ನು ತೆಗೆಯಿತು, "ನಂಬದಿದ್ದರೂ" ಎಂಬ ಕೊಂಕನ್ನೂ ತೆಗೆಯಿತು. ಹೇಳಲು ಏನೂ ಉಳಿಯಲಿಲ್ಲ. ಆಗ ಗೆಳತಿಯನ್ನೇ ನೆನೆಸಿಕೊಂಡಿತು.

ಹಬ್ಬದ ಬೆಳಿಗ್ಗೆ, ಪೂಜೆಗೆ ಇಡುವ ಮೊದಲೇ, ಒಂದು ಹಿಡಿ ಕಡಲೆಕಾಯಿ ಬೇರೆ ತೆಗೆದಿಟ್ಟು, ಹಕ್ಕಿಯನ್ನು ಬಿಟ್ಟು ತಾನೇ ಹೊರಟಿತು. ಕಲ್ಲುಗಳ ಮುಂದೆ ನಿಂತು ಹೇಳಿತು:

"ಚಳಿ ಇಳೀತಾ ಇದೆ ಕಣೇ. ನಿನ್ನ ಬಾಗಿಲ ಹತ್ತಿರ ಎಳೆಬಿಸಿಲು ಬಂದಿದೆ. ಈ ಚಳಿಗೆ ನಿನ್ನ ಸೊಂಟ ಎಷ್ಟು ನೋಯ್ತಿತ್ತು ಅಂತ ನಂಗೊತ್ತು. ಇನ್ನು ಮೇಲಾದ್ರೂ ಸುಖವಾಗಿರು. ಈ ಕಡಲೆಕಾಯಿ ಹೊಲದಿಂದ ನೇರ ತಂದದ್ದು, ಪೂಜೆಗೆ ಇಟ್ಟದ್ದಲ್ಲ. ನೀನು ಬೇಡ ಅಂದದ್ದನ್ನ ಎರಡು ಸಲ ಕಳಿಸಿದೆ, ತಪ್ಪಾಯ್ತು. ಈಗಲೇ ಮಾತಾಡಬೇಕು ಅಂತ ಇಲ್ಲ."

ಇಷ್ಟು ಹೇಳಿ ತಿರುಗಿತು. ಹಿಂದೆ ಕಲ್ಲು ಸರಿದ ಸದ್ದಾಯಿತು. ಮುಳ್ಳುಹಂದಿ ಬಿಸಿಲಿಗೆ ಬಂದು ಕೂತು ಒಂದು ಕಡಲೆಕಾಯಿ ಒಡೆಯಿತು.

"ಹಬ್ಬದ ಹೊತ್ತಲ್ಲಿ ಇಲ್ಲಿದ್ದೀಯಲ್ಲ, ಮನೇಲಿ ಪೂಜೆ?" ಎಂದು ಕೇಳಿತು.

"ಆಮೇಲೆ ಮಾಡ್ತೀನಿ. ಮೊದಲು ನಿನ್ನ ನೋಡಬೇಕಿತ್ತು."

"ಹೋಗು, ಚೆನ್ನಾಗಿ ಹಬ್ಬ ಮಾಡು," ಎಂದಿತು ಮುಳ್ಳುಹಂದಿ. "ಸಂಜೆ ಬಂದು ಹೇಗಾಯ್ತು ಅಂತ ಹೇಳು. ಕೇಳೋಕೆ ನಾನಿದ್ದೀನಿ."

ನೀತಿ: ಹಾರೈಸುವಾಗ ನಮ್ಮ ನಂಬಿಕೆಯನ್ನಲ್ಲ, ಎದುರಿಗಿರುವವರನ್ನು ನೆನೆಯಬೇಕು.